ಐದು ಬಾಟಲಿಯ ಹೋಮ್ ಬಾರ್: ನೆಗ್ರೋನಿಯಿಂದ ಶುರು

ಒಂದೊಂದು ಕಾಕ್‌ಟೇಲ್‌ಗೆ ಒಂದೊಂದು ಬಾಟಲಿ ಕೊಳ್ಳುತ್ತಾ ಹೋದರೆ ಕಪಾಟು ಬೇಗ ತುಂಬುತ್ತದೆ, ಮಾಡಲು ಬರುವುದು ಮಾತ್ರ ನಾಲ್ಕೇ ಬಗೆ. ಹಾಗಾಗಿ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ: ಮನೆಯಲ್ಲಿ ಈಗಾಗಲೇ ಇರುವ ಬಾಟಲಿಗಳ ಜೊತೆ ಇದು ಎಷ್ಟು ಕಡೆ ಸೇರುತ್ತದೆ? ಈ ಲೆಕ್ಕದಲ್ಲಿ ಗೆಲ್ಲುವ ಐದು ಇವು: ಜಿನ್, ಕಹಿ ರುಚಿಯ ಕೆಂಪು ಮದ್ಯ ಕಂಪಾರಿ, ಗಿಡಮೂಲಿಕೆಯ ಸಿಹಿ ವೈನ್ ಸ್ವೀಟ್ ವರ್ಮೂತ್, ಅಮೆರಿಕದ ವಿಸ್ಕಿ ಬೂರ್ಬನ್, ಚಿಮುಕಿಸಿ ಬಳಸುವ ಕಹಿ ಸಾರ ಅಂಗೊಸ್ಟುರಾ ಬಿಟರ್ಸ್. ಜೊತೆಗೆ ನಿಂಬೆಹಣ್ಣು, ಸಕ್ಕರೆ, ಸೋಡಾ.

ಮೊದಲು ಜಿನ್, ಕಂಪಾರಿ, ವರ್ಮೂತ್ ಮೂರನ್ನೇ ತನ್ನಿ. ಕಂಪಾರಿ 30 ಮಿ.ಲೀ., ವರ್ಮೂತ್ 30 ಮಿ.ಲೀ., ಮೇಲೆ ಸೋಡಾ ಹಾಕಿದರೆ ಅಮೆರಿಕಾನೋ. ಸೋಡಾದ ಜಾಗದಲ್ಲಿ 30 ಮಿ.ಲೀ. ಜಿನ್ ಹಾಕಿದರೆ ನೆಗ್ರೋನಿ. ಇನ್ನು ಜಿನ್ ತೆಗೆದು 45 ಮಿ.ಲೀ. ಬೂರ್ಬನ್ ಹಾಕಿ, ಅದು ಬುಲೆವಾರ್ಡಿಯೆ. ಕಂಪಾರಿಯನ್ನು ಬಿಟ್ಟು ಬೂರ್ಬನ್ 60, ವರ್ಮೂತ್ 30, ಬಿಟರ್ಸ್ ಎರಡು ಚಿಮುಕು ಸೇರಿಸಿದರೆ ಮ್ಯಾನ್‌ಹ್ಯಾಟನ್. ವರ್ಮೂತ್ ಕೂಡ ಬಿಟ್ಟು ಒಂದು ಟೀ ಚಮಚ ಸಕ್ಕರೆ ಪಾಕ ಹಾಕಿದರೆ ಓಲ್ಡ್ ಫ್ಯಾಷನ್ಡ್. ಒಂದೊಂದೇ ಭಾಗ ಬದಲಾಗುತ್ತಾ ಹೋಗುವುದನ್ನು ಗಮನಿಸಿದರೆ ಅಳತೆಗಳನ್ನು ಬಾಯಿಪಾಠ ಮಾಡುವ ಕಷ್ಟವಿಲ್ಲ. ನಮ್ಮ ಪೆಗ್ ಅಳತೆಯೂ ಇಲ್ಲಿ ಹೊಂದಿಕೊಳ್ಳುತ್ತದೆ: ಸ್ಮಾಲ್ 30, ಲಾರ್ಜ್ 60.

ನಿಂಬೆರಸ ಸೇರುವ ಪಾನೀಯಗಳ ಲೆಕ್ಕ ಬೇರೆ: ಮದ್ಯ 60, ನಿಂಬೆರಸ 20, ಪಾಕ 20. ಜಿನ್ ಹಾಕಿದರೆ ಜಿನ್ ಸಾವರ್, ಅದಕ್ಕೆ ಸೋಡಾ ತುಂಬಿಸಿದರೆ ಕಾಲಿನ್ಸ್, ಬೂರ್ಬನ್ ಹಾಕಿದರೆ ವಿಸ್ಕಿ ಸಾವರ್. ಸಕ್ಕರೆಯನ್ನು ಹಾಗೇ ಹಾಕಬೇಡಿ, ತಣ್ಣನೆಯ ಮದ್ಯದಲ್ಲಿ ಅದು ಕರಗದೆ ತಳದಲ್ಲಿ ಕೂರುತ್ತದೆ. ಒಂದು ಲೋಟ ಸಕ್ಕರೆಗೆ ಒಂದು ಲೋಟ ಬಿಸಿನೀರು ಹಾಕಿ ಕರಗಿಸಿ, ಆರಿಸಿ ಫ್ರಿಜ್‌ನಲ್ಲಿಡಿ.

ಈಗ ನೆಗ್ರೋನಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಜಿನ್ 42.8%, ಕಂಪಾರಿ 25%, ವರ್ಮೂತ್ 16% ಎಂದುಕೊಳ್ಳಿ (ನಿಮ್ಮ ಬಾಟಲಿಯ ಲೇಬಲ್ ನೋಡಿ ಲೆಕ್ಕ ತಿದ್ದಿಕೊಳ್ಳಿ). ಮೂರೂ 30ರಂತೆ ಸೇರಿ 90 ಮಿ.ಲೀ. ಆಯಿತು, ಅದರಲ್ಲಿ ಆಲ್ಕೋಹಾಲ್ ಸುಮಾರು 25 ಮಿ.ಲೀ., ಅಂದರೆ 28%. ಹೀಗೇ ಕುಡಿದರೆ ಗಂಟಲು ಸುಡುತ್ತದೆ, ಸಿಹಿ ಮತ್ತು ಕಹಿ ನಾಲಿಗೆಗೆ ಅಂಟಿಕೊಳ್ಳುತ್ತವೆ. ದೊಡ್ಡ ಲೋಟದ ಮುಕ್ಕಾಲು ಭಾಗ ಐಸ್ ತುಂಬಿ, ಉದ್ದ ಹಿಡಿಯ ಚಮಚದಿಂದ 30 ಸೆಕೆಂಡ್ ತಿರುಗಿಸಿದಾಗ ಸುಮಾರು 20–25 ಮಿ.ಲೀ. ನೀರು ಸೇರಿ ಅದು 22–23%ಕ್ಕೆ ಇಳಿಯುತ್ತದೆ. ಆ ನೀರೂ ಈ ಪಾನೀಯದ ಒಂದು ಭಾಗವೇ. ಸರಿಯಾಗಿದೆಯೇ ಎಂದು ತಿಳಿಯಲು ಸೋಸಿ ಅಳೆಯಿರಿ. 110–115 ಮಿ.ಲೀ. ಬಂದರೆ ಸರಿ. 130 ದಾಟಿದರೆ ಐಸ್‌ನಲ್ಲೇ ದೋಷವಿದೆ: ಹೊರಗಿಟ್ಟು ಮೇಲೆ ನೀರು ಜಿನುಗಿದ ಐಸ್, ಅಥವಾ ಬೇಗ ಕರಗುವ ಪುಡಿ ಐಸ್. ಫ್ರೀಜರ್‌ನಿಂದ ತೆಗೆದ ಕೂಡಲೇ, ದೊಡ್ಡ ತುಂಡುಗಳನ್ನೇ ಬಳಸಿ. ಐಸ್ ಟ್ರೇಯನ್ನು ಮುಚ್ಚಿಡುವುದೂ ಮುಖ್ಯ. ಇಲ್ಲದಿದ್ದರೆ ಈರುಳ್ಳಿ, ಸಾಂಬಾರಿನ ವಾಸನೆಯನ್ನು ಐಸ್ ಹೀರಿಕೊಂಡು ನೇರ ಲೋಟಕ್ಕೆ ತರುತ್ತದೆ.

ನಿಂಬೆರಸವಿದ್ದರೆ ಶೇಕರ್‌ನಲ್ಲಿ 12 ಸೆಕೆಂಡ್ ಜೋರಾಗಿ ಅಲುಗಾಡಿಸಿ. ರಸಕ್ಕೆ ಗಾಳಿ ಸೇರಿ ಹಗುರವಾಗಬೇಕು. ಬರೀ ಮದ್ಯದ್ದನ್ನು ತಿರುಗಿಸಿದರೆ ಸಾಕು, ಅಲುಗಾಡಿಸಿದರೆ ಮಂಜಾಗುತ್ತದೆ. ರಸ ಅಂದಂದೇ ಹಿಂಡಬೇಕು, ಬೀಜ ಜಜ್ಜಿದರೆ ಕಹಿ ಬರುತ್ತದೆ.

ಐದರಲ್ಲಿ ನಿಜವಾಗಿ ಕೆಡುವುದು ವರ್ಮೂತ್ ಒಂದೇ. ಅದು ಗಿಡಮೂಲಿಕೆ ಹಾಕಿ, ಮದ್ಯ ಬೆರೆಸಿ ಅಮಲು ಹೆಚ್ಚಿಸಿದ ವೈನ್. ತೆರೆದ ಮೇಲೆ ಗಾಳಿ ತಾಗಿ ಹಣ್ಣಿನ ಕಂಪು ಹೋಗುತ್ತದೆ, ಹುಳಿ ಏರುತ್ತದೆ. ವಿಸ್ಕಿ ಬಾಟಲಿಯಂತೆ ಕಪಾಟಿನಲ್ಲಿಡುವುದೇ ಹೊಸಬರ ಅತಿ ದೊಡ್ಡ ತಪ್ಪು. ಫ್ರಿಜ್‌ನಲ್ಲಿಡಿ, ತೆರೆದ ದಿನಾಂಕವನ್ನು ಟೇಪಿನ ಮೇಲೆ ಬರೆದು ಅಂಟಿಸಿ, ಎರಡು ತಿಂಗಳೊಳಗೆ ಮುಗಿಸಿ. ಬಾಟಲಿ ಅರ್ಧವಾದಾಗ ಚಿಕ್ಕ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿಸಿಟ್ಟರೆ ಒಳಗಿನ ಗಾಳಿ ಕಡಿಮೆಯಾಗುತ್ತದೆ. ಅನುಮಾನವಿದ್ದರೆ ಒಂದು ಚಮಚ ತಣ್ಣಗೆ ಸವಿಯಿರಿ. ವಿನಿಗರ್‌ನ ಚುರುಕು ಕಂಡರೆ ಮ್ಯಾನ್‌ಹ್ಯಾಟನ್‌ಗೆ ಅದು ಆಗದು.

ಬೂರ್ಬನ್ ದುಬಾರಿ ಎಂದು ಸಾಮಾನ್ಯ ದೇಶೀ ವಿಸ್ಕಿ ಹಾಕುವವರುಂಟು. ಅವುಗಳಲ್ಲಿ ಹಲವುಗಳಲ್ಲಿ ಕಾಕಂಬಿಯಿಂದ ಇಳಿಸಿದ ಮದ್ಯವಿರುವುದರಿಂದ ಮೈ ತೆಳು, ವರ್ಮೂತ್‌ನ ಸಿಹಿಯೇ ಮೇಲಾಗುತ್ತದೆ. ಬೆಂಗಳೂರಿನ ಅಮೃತ್‌ನಂಥ ಸಿಂಗಲ್ ಮಾಲ್ಟ್ ಚೆನ್ನಾಗಿ ನಿಲ್ಲುತ್ತದೆ, ಆದರೆ ರುಚಿ ಮ್ಯಾನ್‌ಹ್ಯಾಟನ್‌ಗಿಂತ ಸ್ಕಾಚ್ ಬಳಸುವ ರಾಬ್ ರಾಯ್ ಕಡೆಗೆ ವಾಲುತ್ತದೆ.

ಆರನೆಯದು ಬೇಕೆನಿಸಿದಾಗ ಡ್ರೈ ವರ್ಮೂತ್ ತನ್ನಿ; ಜಿನ್ ಜೊತೆ ಮಾರ್ಟಿನಿ, ವಿಸ್ಕಿ ಮತ್ತು ಕಂಪಾರಿ ಜೊತೆ ಓಲ್ಡ್ ಪಾಲ್ ಸಿಗುತ್ತವೆ. ಆದರೆ ಅದೂ ಕೆಡುವ ಬಾಟಲಿಯೇ. ಮೊದಲ ವರ್ಮೂತ್ ಎರಡು ತಿಂಗಳೊಳಗೆ ಖಾಲಿಯಾಗುತ್ತಿಲ್ಲವಾದರೆ ಎರಡನೆಯದನ್ನು ಸದ್ಯಕ್ಕೆ ಅಂಗಡಿಯಲ್ಲೇ ಬಿಡಿ.