ಏಂಜಲ್ ಫುಡ್, ಶಿಫಾನ್ ಕೇಕ್: ಅಚ್ಚಿಗೆ ಎಣ್ಣೆ ಯಾಕೆ ಸವರಬಾರದು, ಯಾಕೆ ತಲೆಕೆಳಗೆ ಆರಿಸಬೇಕು

ಈ ಎರಡೂ ನೊರೆಯ ಕೇಕುಗಳು. ಬೆಣ್ಣೆ ಕೇಕಿನ ಅಭ್ಯಾಸ ಇರುವವರು ಅಚ್ಚಿಗೆ ಎಣ್ಣೆ ಸವರಿ, ಮೈದಾ ಉದುರಿಸಿ ಶುರು ಮಾಡುತ್ತಾರೆ. ಇಲ್ಲಿ ಕೇಕ್ ಕೆಡುವುದು ಹೆಚ್ಚಾಗಿ ಅಲ್ಲಿಂದಲೇ.

ಏಂಜಲ್ ಫುಡ್‌ನಲ್ಲಿ ಇರುವುದು ಮೊಟ್ಟೆಯ ಬಿಳಿ, ಸಕ್ಕರೆ, ಮೈದಾ, ಸ್ವಲ್ಪ ಕಾರ್ನ್ ಫ್ಲೋರ್, ಸ್ವಲ್ಪ ಹುಳಿ, ಇಷ್ಟೇ. ಹಳದಿ ಇಲ್ಲ, ಎಣ್ಣೆ ಇಲ್ಲ, ಬೇಕಿಂಗ್ ಪೌಡರೂ ಇಲ್ಲ. ಶಿಫಾನ್‌ನಲ್ಲಿ ಹಳದಿ, ಎಣ್ಣೆ, ಹಾಲು ಅಥವಾ ನೀರು, ಬೇಕಿಂಗ್ ಪೌಡರ್ ಸೇರುತ್ತವೆ. ಬಿಳಿಯನ್ನು ಬೇರೆಯಾಗಿ ಬೀಟ್ ಮಾಡಿ ಬೆರೆಸುತ್ತಾರೆ. ಇದನ್ನು 1927ರಲ್ಲಿ ಲಾಸ್ ಏಂಜಲೀಸ್‌ನ ಹ್ಯಾರಿ ಬೇಕರ್ ಎಂಬ ಇನ್ಶೂರೆನ್ಸ್ ಏಜೆಂಟ್ ಕಂಡುಹಿಡಿದರು. ಎಣ್ಣೆಯ ಗುಟ್ಟು ಬಹಳ ವರ್ಷ ಅವರ ಹತ್ತಿರವೇ ಇತ್ತು.

ಸುಮಾರು 20 ಸೆಂ.ಮೀ. ಅಗಲದ, ನಡುವೆ ಕೊಳವೆ ಇರುವ ಟ್ಯೂಬ್ ಪ್ಯಾನ್ ಇದೆ ಎಂದುಕೊಳ್ಳಿ. ಏಂಜಲ್ ಫುಡ್‌ಗೆ 6 ಬಿಳಿ (180 ಗ್ರಾಂ), 150 ಗ್ರಾಂ ಸಕ್ಕರೆ, 50 ಗ್ರಾಂ ಮೈದಾ, 10 ಗ್ರಾಂ ಕಾರ್ನ್ ಫ್ಲೋರ್, ಒಂದು ಚಮಚ ಲಿಂಬೆ ರಸ. ಶಿಫಾನ್‌ಗೆ 4 ಮೊಟ್ಟೆ, 90 ಗ್ರಾಂ ಸಕ್ಕರೆ, 80 ಗ್ರಾಂ ಮೈದಾ, ಮುಕ್ಕಾಲು ಚಮಚ ಬೇಕಿಂಗ್ ಪೌಡರ್, 50 ಮಿ.ಲೀ. ಎಣ್ಣೆ, 60 ಮಿ.ಲೀ. ಹಾಲು. ಚಮಚ ಅಂದರೆ ಟೀ ಚಮಚ.

ಬಿಳಿಯನ್ನು ಎಷ್ಟು ಬೀಟ್ ಮಾಡಬೇಕು ಎನ್ನುವುದು ಎರಡರಲ್ಲೂ ಒಂದೇ ಅಲ್ಲ. ಏಂಜಲ್ ಫುಡ್‌ಗೆ ಬೀಟರ್ ಎತ್ತಿದಾಗ ನೊರೆಯ ತುದಿ ಬಾಗುವಾಗಲೇ ನಿಲ್ಲಿಸಿ. ಇದು ಉಬ್ಬುವುದು ಗಾಳಿ ಮತ್ತು ಹಬೆಯಿಂದ ಮಾತ್ರ. ಹಾಗಾಗಿ ಗುಳ್ಳೆಗಳಿಗೆ ಓವನ್‌ನಲ್ಲಿ ಹಿಗ್ಗುವ ಶಕ್ತಿ ಉಳಿದಿರಬೇಕು. ಶಿಫಾನ್‌ಗೆ ತುದಿ ನೇರ ನಿಲ್ಲುವವರೆಗೆ ಬೀಟ್ ಮಾಡಬೇಕು, ಯಾಕೆಂದರೆ ಆ ನೊರೆ ಹಳದಿ-ಎಣ್ಣೆಯ ಭಾರದ ಹಿಟ್ಟನ್ನು ಹೊರಬೇಕು. ಬಿಳಿ ಬೀಟ್ ಮಾಡುವ ಪಾತ್ರೆಯಲ್ಲಿ ಜಿಡ್ಡು ಇರಬಾರದು. ಕಾಸರಗೋಡಿನ ಅಡುಗೆಮನೆಗಳಲ್ಲಿ ತೆಂಗಿನೆಣ್ಣೆ ಮುಟ್ಟದ ಪಾತ್ರೆ ಸಿಗುವುದು ಕಷ್ಟ, ಅಲ್ವಾ? ಸ್ಟೀಲ್ ಪಾತ್ರೆಯನ್ನು ವಿನೆಗರ್‌ನಿಂದ ಒರೆಸಿ ಒಣಗಿಸಿಕೊಳ್ಳಿ. ಪ್ಲಾಸ್ಟಿಕ್ ಬೇಡ, ಅದರಲ್ಲಿ ಜಿಡ್ಡು ಉಳಿಯುತ್ತದೆ.

ಈಗ ಅಚ್ಚು. ಹಿಟ್ಟು ಉಬ್ಬುವಾಗ ಗೋಡೆಗೆ ಅಂಟಿಕೊಂಡು ಮೇಲೇರುತ್ತದೆ. ಎಣ್ಣೆ ಸವರಿದರೆ ಹಿಡಿತ ಸಿಗದೆ ಜಾರುತ್ತದೆ. ನಾನ್‌ಸ್ಟಿಕ್, ಸಿಲಿಕೋನ್ ಅಚ್ಚುಗಳಲ್ಲೂ ಹಾಗೆಯೇ. ಬೇಕಾದ್ದು ಕೋಟಿಂಗ್ ಇಲ್ಲದ ಬರೀ ಅಲ್ಯೂಮಿನಿಯಂ. ನಡುವಿನ ಕೊಳವೆ ಹಿಟ್ಟಿಗೆ ಇನ್ನೊಂದು ಗೋಡೆಯಾಗುತ್ತದೆ, ಬಿಸಿಯನ್ನು ನಡುಭಾಗಕ್ಕೂ ಮುಟ್ಟಿಸುತ್ತದೆ. ತಳ ಬಿಚ್ಚಿ ಬರುವಂಥದ್ದಾದರೆ ಕೇಕ್ ತೆಗೆಯುವುದು ಸುಲಭ. ಅಚ್ಚಿನ ಮುಕ್ಕಾಲಕ್ಕಿಂತ ಜಾಸ್ತಿ ಹಿಟ್ಟು ಬೇಡ. ಸಣ್ಣ ಒಟಿಜಿ ಓವನ್ ಆದರೆ ಕೆಳಗಿನ ಕಂಬಿಯಲ್ಲಿಡಿ, ಇಲ್ಲದಿದ್ದರೆ ಉಬ್ಬಿದ ಕೇಕ್ ಮೇಲಿನ ಕಾಯಿಲ್ ಹತ್ತಿರ ಹೋಗಿ ಕರಕಲಾಗುತ್ತದೆ. ಏಂಜಲ್ ಫುಡ್ 170 ಡಿಗ್ರಿಯಲ್ಲಿ ಸುಮಾರು 35 ನಿಮಿಷ, ಶಿಫಾನ್ 160ರಲ್ಲಿ 40-45 ನಿಮಿಷ.

ಓವನ್‌ನಿಂದ ತೆಗೆದಾಗ ಕೇಕ್ ಬೆಂದಿರುತ್ತದೆ, ಆದರೆ ಗಟ್ಟಿಯಾಗಿರುವುದಿಲ್ಲ. ಮೊಟ್ಟೆಯ ಪ್ರೋಟೀನ್ ಮತ್ತು ಮೈದಾದ ಪಿಷ್ಟ ತಣಿಯುತ್ತಾ ಬಿಗಿಯಾಗಬೇಕು. ನೇರವಾಗಿಟ್ಟರೆ ಅಷ್ಟರೊಳಗೆ ತನ್ನದೇ ಭಾರಕ್ಕೆ ಕುಸಿಯುತ್ತದೆ. ತಲೆಕೆಳಗೆ ಮಾಡಿದರೆ ಅದೇ ಭಾರ ಗುಳ್ಳೆಗಳನ್ನು ಒತ್ತುವ ಬದಲು ಎಳೆದು ಹಿಡಿಯುತ್ತದೆ. ಅಚ್ಚಿಗೆ ಕಾಲುಗಳಿಲ್ಲದಿದ್ದರೆ ಕೊಳವೆಯನ್ನು ದಪ್ಪ ಗಾಜಿನ ಬಾಟಲಿಯ ಕುತ್ತಿಗೆಗೆ ಸಿಕ್ಕಿಸಿ ನಿಲ್ಲಿಸಿ. ಕೇಕ್ ನೆಲಕ್ಕೆ ತಾಗಬಾರದು, ಕೆಳಗೆ ಗಾಳಿ ಆಡಬೇಕು. ಅಚ್ಚು ಪೂರ್ತಿ ತಣ್ಣಗಾಗಲು ಒಂದೂವರೆ-ಎರಡು ಗಂಟೆ ಬೇಕು. ಎರಡೂ ಕೇಕಿಗೆ ಇದೇ ಕ್ರಮ.

ಕುಂಬಳೆಯ ಗೆಳತಿಯೊಬ್ಬರ ಶಿಫಾನ್ ತಿರುಗಿಸಿದ ಹತ್ತು ನಿಮಿಷಕ್ಕೇ ಪೂರ್ತಿ ಕೆಳಗೆ ಬಿತ್ತು. "ಬೇಯಲಿಲ್ಲ ಅಂತ ಕಾಣುತ್ತದೆ ಅಕ್ಕಾ" ಎಂದರು. ಅಚ್ಚು ನೋಡಿದರೆ ಒಳಗೋಡೆ ತೊಳೆದಿಟ್ಟಂತೆ ಸ್ವಚ್ಛ. ಕೇಕಿನ ಬದಿಯ ಕಂದು ಪದರ ಇಡಿಯಾಗಿತ್ತು, ಒಳಗೂ ಒಣಗಿತ್ತು. ಅಂದರೆ ಬೆಂದಿದೆ, ಹಿಡಿತವೇ ಸಿಕ್ಕಿಲ್ಲ. ಅಚ್ಚು ನಾನ್‌ಸ್ಟಿಕ್. ಬೇಯದೆ ಬಿದ್ದಿದ್ದರೆ ಗೋಡೆಗೆ ಚೂರುಗಳು ಅಂಟಿ, ಕೇಕಿನ ನಡುವೆ ಒದ್ದೆಯಾಗಿ ಹರಿದಿರುತ್ತಿತ್ತು. ಮೊದಲನೆಯದಕ್ಕೆ ಅಚ್ಚು ಬದಲಿಸಿ, ಎರಡನೆಯದಕ್ಕೆ ಐದು-ಹತ್ತು ನಿಮಿಷ ಜಾಸ್ತಿ ಬೇಯಿಸಿ. ತಳದಲ್ಲಿ ಗಟ್ಟಿ ಪದರ ಕಂಡರೆ ಅದು ಬೇರೆ ಸಮಸ್ಯೆ: ಹಳದಿ-ಎಣ್ಣೆ ಸರಿಯಾಗಿ ಬೆರೆತಿಲ್ಲ, ಅಥವಾ ನೊರೆ ಒಡೆದು ಹೋಗಿದೆ.

ಶಿಫಾನ್‌ಗೆ ತೆಂಗಿನೆಣ್ಣೆ ಹಾಕಬಹುದಾ ಎಂದು ನಮ್ಮ ಕಡೆ ತುಂಬ ಜನ ಕೇಳುತ್ತಾರೆ. ಪರಿಮಳ ಚೆನ್ನಾಗಿರುತ್ತದೆ. ಆದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಫ್ರಿಜ್‌ನಲ್ಲಿಟ್ಟರೆ ಕೇಕ್ ಬಿರುಸಾಗುತ್ತದೆ. ಕ್ರೀಮ್ ಹಚ್ಚಿ ಫ್ರಿಜ್‌ನಲ್ಲಿಡುವುದಾದರೆ ಸೂರ್ಯಕಾಂತಿ ಎಣ್ಣೆಯೇ ಒಳ್ಳೆಯದು. ಹೊರಗಿಟ್ಟು ಅದೇ ದಿನ ತಿನ್ನುವುದಾದರೆ ತೆಂಗಿನೆಣ್ಣೆಯನ್ನೇ ಹಾಕಿ.