ಅಣ್ಣನ ಹೆಸರಿನಲ್ಲಿ ಯಾರದೋ ಸಾಲ

ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ದೊಡ್ಡಪ್ಪನ ಮಗ ಕಳೆದ ವರ್ಷ, 2025ರ ಜೂನ್‌ನಲ್ಲಿ, ಮನೆ ಸಾಲಕ್ಕೆ ಅರ್ಜಿ ಹಾಕಿದ. ಬ್ಯಾಂಕಿನವರು ಎರಡೇ ದಿನದಲ್ಲಿ ಕರೆದು, 'ಸಾರ್, ನಿಮ್ಮದೊಂದು ಪರ್ಸನಲ್ ಲೋನ್ ಕಟ್ಟದೆ ಬಿದ್ದಿದೆ, ಅದನ್ನು ಮೊದಲು ತೀರಿಸಿ' ಅಂದರು. ಅಣ್ಣ ಪರ್ಸನಲ್ ಲೋನ್ ತೆಗೆದವನೇ ಅಲ್ಲ. ಅವನು ಇದುವರೆಗೆ ಮಾಡಿದ ಸಾಲ ಅಂದರೆ ಒಂದು ಬೈಕು, ಒಂದಿಷ್ಟು ಬಂಗಾರದ ಅಡವು, ಅಷ್ಟೇ. ರಾತ್ರಿ ನನಗೆ ಫೋನ್ ಮಾಡಿ ಕೇಳಿದ: 'ನಲವತ್ತೆರಡು ಸಾವಿರ ಅಂತೆ ಕಣೋ. ಕಟ್ಟಿ ಮುಗಿಸಿಬಿಡ್ಲಾ?'

ಕಟ್ಟಬೇಡ ಅಂದೆ. ಇಂಥ ಹೊತ್ತಲ್ಲಿ ಎಲ್ಲರೂ ಮಾಡುವ ತಪ್ಪೇ ಅದು. ಒಂದು ಕಂತು ಕಟ್ಟಿದರೂ ಆ ಸಾಲ ನನ್ನದೇ ಅಂತ ಒಪ್ಪಿಕೊಂಡ ಹಾಗೆ ಕಾಣುತ್ತದೆ. ಅರ್ಧ ಕೊಟ್ಟು ಸೆಟ್ಲ್‌ಮೆಂಟ್ ಮಾಡಿಕೊಂಡರೆ ಇನ್ನೂ ಕೆಟ್ಟದ್ದು. ಸಾಲ ಹೋಗುತ್ತದೆ, ಆದರೆ ಕ್ರೆಡಿಟ್ ವರದಿಯಲ್ಲಿ, ಅಂದರೆ ಯಾರು ಎಷ್ಟು ಸಾಲ ಮಾಡಿ ಹೇಗೆ ಕಟ್ಟಿದರು ಅನ್ನುವ ದಾಖಲೆಯಲ್ಲಿ, 'ಸೆಟಲ್ಡ್' ಅನ್ನುವ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಪೂರ್ತಿ ಕಟ್ಟಲಾಗದೆ ರಾಜಿ ಮಾಡಿಕೊಂಡವರಿಗೆ ಹಚ್ಚುವ ಹಣೆಪಟ್ಟಿ ಅದು.

ಮೊದಲು ಮಾಡಿದ್ದು ಕ್ರೆಡಿಟ್ ವರದಿ ತೆಗೆದದ್ದು. ನಮ್ಮ ದೇಶದಲ್ಲಿ ಈ ಲೆಕ್ಕ ಇಡುವ ಬ್ಯೂರೋಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಎಲ್ಲರೂ ಮೊದಲ ಪುಟದ ಸ್ಕೋರ್ ನೋಡಿ ಎದೆ ಒಡೆದುಕೊಳ್ಳುತ್ತಾರೆ. ಕಥೆ ಇರುವುದು ಒಳಗಿನ ಪುಟಗಳಲ್ಲಿ.

ಬ್ಯೂರೋ ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಅದು ಸಾಲ ಕೊಡುವುದಿಲ್ಲ, ಸಾಲ ನಿಜವೋ ಸುಳ್ಳೋ ಅಂತ ನೋಡುವುದೂ ಇಲ್ಲ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಕಳಿಸುವ ಪಟ್ಟಿಯಲ್ಲಿ ಹೆಸರು, ಹುಟ್ಟಿದ ದಿನ, ಪ್ಯಾನ್, ಫೋನ್, ವಿಳಾಸ ಇರುತ್ತವೆ. ಇವನ್ನು ಹೋಲಿಸಿ 'ಇದು ಇಂಥವರದು' ಅಂತ ಕಂಪ್ಯೂಟರ್ ಒಂದು ಕಡತಕ್ಕೆ ಸೇರಿಸುತ್ತದೆ. ಹೋಲಿಕೆಯ ಲೆಕ್ಕ ಆದ್ದರಿಂದ ಕೆಲವೊಮ್ಮೆ ಎಡವುತ್ತದೆ. ನಮ್ಮಲ್ಲಿ ಒಂದೇ ಬೀದಿಯಲ್ಲಿ ಮೂವರು ಮಂಜುನಾಥ ಇರುತ್ತಾರೆ, ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಹಾಗಾಗಿ ಗೊತ್ತಿಲ್ಲದ ಸಾಲ ಕಂಡರೆ ಅದು ಕಳ್ಳತನವೇ ಆಗಿರಬೇಕು ಅಂತೇನಿಲ್ಲ. ಇನ್ನೊಬ್ಬ ಮಂಜುನಾಥನ ಸಾಲ ನಿಮ್ಮ ಕಡತಕ್ಕೆ ಬಂದಿರಬಹುದು.

ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ವರದಿಯಲ್ಲಿ 'ಎನ್‌ಕ್ವೈರಿ' ಅನ್ನುವ ಭಾಗ ನೋಡಿ. ಸಾಲ ಕೊಡುವ ಮೊದಲು ಯಾವ ಕಂಪನಿ, ಯಾವ ದಿನ, ಎಷ್ಟು ಮೊತ್ತಕ್ಕೆ ನಿಮ್ಮ ಕಡತ ತೆರೆಯಿತು ಅಂತ ಅಲ್ಲಿರುತ್ತದೆ. ಅಣ್ಣನ ವರದಿಯಲ್ಲಿ 2024ರ ನವೆಂಬರ್ 11ಕ್ಕೆ ಒಂದು ಎನ್‌ಕ್ವೈರಿ, ಅದೇ ದಿನ ₹42,000 ಸಾಲ. ಫೋನ್ ನಂಬರುಗಳ ಪಟ್ಟಿಯಲ್ಲಿ ಅವನ ಎರಡು ನಂಬರಿನ ಕೆಳಗೆ ಗೊತ್ತಿಲ್ಲದ ಮೂರನೆಯದು. ವಿಳಾಸದಲ್ಲಿ ಅವನು ಕಾಲಿಟ್ಟಿರದ ಊರು. ಪ್ಯಾನ್ ಮಾತ್ರ ಅವನದೇ. ಅಂದರೆ ಯಾರೋ ಬೇಕೆಂದೇ ಅವನ ಪ್ಯಾನ್ ಹಿಡಿದು ಅರ್ಜಿ ಹಾಕಿದ್ದಾರೆ. ಕಂತಿನ ಸಾಲು ಅದಕ್ಕಿಂತ ಸ್ಪಷ್ಟ. ಪ್ರತಿ ತಿಂಗಳ ಚೌಕದಲ್ಲಿ ಎಷ್ಟು ದಿನದ ಬಾಕಿ ಅಂತ ಮೂರಂಕಿ ಇರುತ್ತದೆ. ಡಿಸೆಂಬರ್ 026, ಜನವರಿ 057, ಫೆಬ್ರವರಿ 085, ಮಾರ್ಚ್ 116. ಮೊದಲ ಕಂತನ್ನೇ ಯಾರೂ ಕಟ್ಟಿಲ್ಲ. ಕಷ್ಟಕ್ಕೆ ಸಿಕ್ಕಿ ಸಾಲ ನಿಲ್ಲಿಸುವವರು ನಾಲ್ಕಾರು ಕಂತಾದರೂ ಕಟ್ಟಿರುತ್ತಾರೆ. ಮೊದಲ ದಿನದಿಂದಲೇ ಸೊನ್ನೆ ಅಂದರೆ ಕಟ್ಟುವ ಉದ್ದೇಶವೇ ಇರಲಿಲ್ಲ.

ಪ್ಯಾನ್ ಎಲ್ಲಿಂದ ಸಿಕ್ಕಿತು? ಖಚಿತವಾಗಿ ಹೇಳಲಾರೆ. ಆದರೆ ಅಣ್ಣನ ಅಂಗಡಿಯ ಬೋರ್ಡ್ ನೋಡಿದಾಗ ನಗುವೂ ಬಂತು, ಸಂಕಟವೂ ಆಯಿತು. ನೋಂದಾಯಿಸಿದ ವ್ಯಾಪಾರಿ ಜಿಎಸ್‌ಟಿ ನಂಬರನ್ನು ಬೋರ್ಡಿನ ಮೇಲೆ ಬರೆಸಲೇಬೇಕು. ಅದು ಹದಿನೈದು ಅಕ್ಷರದ್ದು:

```
29XXXPX0000X1ZX
```

ಮೊದಲ ಎರಡಂಕಿ ರಾಜ್ಯ, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಇದೆಯಲ್ಲ, ಒಬ್ಬರೇ ಮಾಲೀಕರಿರುವ ಅಂಗಡಿಯಾದರೆ ಅದು ಆ ಮನುಷ್ಯನ ಪ್ಯಾನ್! ಶಟರ್ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ. 2023ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಐದು ಜನರನ್ನು ಹಿಡಿದದ್ದೂ ಇಂಥದ್ದೇ ಪ್ರಕರಣದಲ್ಲಿ. ಸಿನಿಮಾ ತಾರೆಯರ, ಕ್ರಿಕೆಟಿಗರ ಜಿಎಸ್‌ಟಿ ನಂಬರಿನಿಂದ ಪ್ಯಾನ್ ತೆಗೆದು, ಹುಟ್ಟಿದ ದಿನವನ್ನು ಗೂಗಲ್‌ನಲ್ಲಿ ಹುಡುಕಿ, ತಮ್ಮ ಫೋಟೊ ಅಂಟಿಸಿದ ಪ್ಯಾನ್ ಕಾರ್ಡ್ ಮಾಡಿಸಿ ಅವರ ಹೆಸರಲ್ಲಿ ಕ್ರೆಡಿಟ್ ಕಾರ್ಡ್ ತೆಗೆದಿದ್ದರು. ವಿಡಿಯೊದಲ್ಲಿ ಪರಿಶೀಲಿಸುವಾಗ ಕಾರ್ಡಿನ ಫೋಟೊ, ಎದುರಿಗಿರುವ ಮುಖ ಹೊಂದುತ್ತದೆ. ಇನ್ನೇನು ಬೇಕು?

ಇಲ್ಲಿಂದ ಮುಂದೆ ಬಹಳ ಜನ ಬ್ಯೂರೋ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಬ್ಯೂರೋದ ವೆಬ್‌ಸೈಟಿನಲ್ಲಿ 'ಈ ಖಾತೆ ನನ್ನದಲ್ಲ' ಅಂತ ಆಕ್ಷೇಪ ಹಾಕಬೇಕು, ಅದಕ್ಕೆ ದುಡ್ಡಿಲ್ಲ. ಆದರೆ ಬ್ಯೂರೋ ತಾನಾಗಿ ಏನನ್ನೂ ಅಳಿಸುವುದಿಲ್ಲ. ಸಾಲ ಕೊಟ್ಟ ಕಂಪನಿಯನ್ನು ಕೇಳುತ್ತದೆ. ಅವರು 'ನಮ್ಮ ದಾಖಲೆ ಸರಿ ಇದೆ' ಅಂದರೆ ಆಕ್ಷೇಪ ಬಿದ್ದುಹೋಯಿತು. ನಿಜವಾದ ಪಂದ್ಯ ಇರುವುದು ಕಂಪನಿಯ ಜೊತೆ. ಹಾಗಾಗಿ ಒಂದೇ ದಿನ ಎರಡೂ ಕಡೆ ಹಾಕಬೇಕು.

ಅಣ್ಣ ಜೂನ್ 6ರಂದು ಬ್ಯೂರೋದಲ್ಲಿ ಆಕ್ಷೇಪ ಹಾಕಿ, ಜೊತೆಗೆ ಇನ್ನೂ ಮೂರು ಕೆಲಸ ಮಾಡಿದ. cybercrime.gov.in ನಲ್ಲಿ ದೂರು ಕೊಟ್ಟು ನಂಬರ್ ಪಡೆದ. ಅದರ ಪ್ರತಿ ಹಿಡಿದು ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದ. ಐಟಿ ಕಾಯ್ದೆಯ 66ಸಿ ಇನ್ನೊಬ್ಬರ ಗುರುತು ಬಳಸುವುದಕ್ಕೆ, 66ಡಿ ಕಂಪ್ಯೂಟರ್ ಮೂಲಕ ಬೇರೆಯವರಂತೆ ನಟಿಸಿ ವಂಚಿಸುವುದಕ್ಕೆ. ಈ ಎರಡನ್ನು ದೂರಿನಲ್ಲಿ ಬರೆದರೆ ಠಾಣೆಯವರಿಗೂ ಸುಲಭ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬಹುದಿತ್ತು, ಆದರೆ ಅದು ಹೆಚ್ಚು ನೆರವಾಗುವುದು ಹಣ ಇದೀಗ ಹೋಗಿದ್ದಾಗ. ಏಳು ತಿಂಗಳ ಹಿಂದಿನ ಹಣ ಎಲ್ಲಿ ಸಿಗುತ್ತದೆ?

ಮೂರನೆಯದು ಕಂಪನಿಯ ದೂರು ಅಧಿಕಾರಿಗೆ ಇಮೇಲ್. 'ನನಗೆ ಮೋಸವಾಗಿದೆ' ಅಂತ ಮಾತ್ರ ಬರೆದರೆ 'ದಾಖಲೆ ಪರಿಶೀಲಿಸಲಾಗಿದೆ' ಅಂತ ಒಂದು ಸಾಲಿನ ಉತ್ತರ ಬರುತ್ತದೆ. ಕೇಳಬೇಕಾದ್ದು ಕಾಗದ. ಅರ್ಜಿಯ ಪ್ರತಿ, ಕೊಟ್ಟ ಪ್ಯಾನ್ ಮತ್ತು ಆಧಾರ್ ಪ್ರತಿ, ತೆಗೆದ ಸೆಲ್ಫಿ, ಓಟಿಪಿ ಹೋದ ಫೋನ್ ನಂಬರ್, ಎಲ್ಲಕ್ಕಿಂತ ಮುಖ್ಯವಾಗಿ ಹಣ ಹಾಕಿದ ಬ್ಯಾಂಕ್ ಖಾತೆ. 2022ರ ಡಿಜಿಟಲ್ ಸಾಲದ ನಿಯಮದಿಂದ ಈಚೆಗೆ ಆ್ಯಪ್ ಮೂಲಕ ಕೊಡುವ ಸಾಲ ನೇರ ಸಾಲಗಾರನ ಖಾತೆಗೇ ಹೋಗಬೇಕು, ವಿನಾಯಿತಿಗಳು ಕೆಲವೇ. ಹಾಗಿದ್ದರೆ ಆ ಖಾತೆ ನನ್ನದು ಅಂತ ಹೇಗೆ ಗೊತ್ತು ಮಾಡಿಕೊಂಡಿರಿ ಅನ್ನುವ ಪ್ರಶ್ನೆಗೆ ಅವರೇ ಉತ್ತರ ಕೊಡಬೇಕಾಗುತ್ತದೆ.

ಎರಡು ವಾರಕ್ಕೆ ಕಾಗದ ಬಂತು. ಪ್ಯಾನ್ ಕಾರ್ಡ್ ನೋಡಿ ಅತ್ತಿಗೆ ಬಿದ್ದು ಬಿದ್ದು ನಕ್ಕರು. ನಂಬರ್ ಅಣ್ಣನದು, ತಂದೆ ಹೆಸರು ಸರಿ, ಫೋಟೊದಲ್ಲಿ ಮಾತ್ರ ಇಪ್ಪತ್ತೈದರ ತೆಳ್ಳಗಿನ ಹುಡುಗ. ಅಣ್ಣನಿಗೆ ನಲವತ್ತೊಂಬತ್ತು. ಹಣ ಹೋದ ಖಾತೆ ದೂರದ ರಾಜ್ಯದ ಬ್ಯಾಂಕಿನಲ್ಲಿ, ಅದೂ ಅಣ್ಣನ ಹೆಸರಿನಲ್ಲೇ!

ನಗು ನಿಂತದ್ದು ಅಲ್ಲಿ. ಸಾಲಕ್ಕಿಂತ ಆ ಖಾತೆ ಅಪಾಯ. ನಾಳೆ ಬೇರೆ ಮೋಸದ ಹಣ ಅದರಲ್ಲಿ ಓಡಾಡಿದರೆ ಪೊಲೀಸ್ ನೋಟಿಸ್ ಬರುವುದು ಹೆಸರಿದ್ದವನಿಗೆ. ಆ ಬ್ಯಾಂಕಿಗೂ ಎಫ್‌ಐಆರ್ ಪ್ರತಿ ಸಮೇತ ಬರೆದು ಖಾತೆ ನಿಲ್ಲಿಸಲು ಕೇಳಿದೆವು. ಇಂಥ ಖಾತೆ ಇನ್ನೂ ಇದೆಯಾ ಅಂತ ನೋಡಲು ಆದಾಯ ತೆರಿಗೆ ವೆಬ್‌ಸೈಟಿನ ವಾರ್ಷಿಕ ಮಾಹಿತಿ ಪತ್ರ, ಅಂದರೆ ಎಐಎಸ್, ಒಂದು ದಾರಿ. ನಿಮ್ಮ ಪ್ಯಾನ್ ಮೇಲೆ ಬಡ್ಡಿ ಕೊಟ್ಟ ಬ್ಯಾಂಕುಗಳ ಹೆಸರು ಅಲ್ಲಿ ಬಂದಿರುತ್ತದೆ. ನಿಮ್ಮ ಹೆಸರಲ್ಲಿರುವ ಸಿಮ್‌ಗಳನ್ನು sancharsaathi.gov.in ತೋರಿಸುತ್ತದೆ, ಗೊತ್ತಿಲ್ಲದ ನಂಬರ್ ಇದ್ದರೆ 'Not My Number' ಒತ್ತಬೇಕು.

ಒಂದು ಕಡೆ ನಾವು ತಡವಾಗಿದ್ದೆವು. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಮೈಆಧಾರ್ ತೋರಿಸುವುದು ಹಿಂದಿನ ಆರು ತಿಂಗಳದ್ದು ಮಾತ್ರ. ಜೂನ್‌ನಲ್ಲಿ ನೋಡಿದರೆ ಡಿಸೆಂಬರ್‌ವರೆಗೆ ಸಿಗುತ್ತದೆ, ಸಾಲ ನವೆಂಬರಿನದು. ಗುಮಾನಿ ಬಂದ ದಿನವೇ ಅದನ್ನು ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅಲ್ಲೇ ಬಯೋಮೆಟ್ರಿಕ್ ಲಾಕ್ ಮಾಡಿ.

ಸಾಲದ ಬದಲು ಕಾರ್ಡ್ ಆಗಿದ್ದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಬೇಕು. ಆಮೇಲೆ ಕೇಳಬೇಕಾದ ಕಾಗದಗಳಲ್ಲಿ ಕೊರಿಯರ್ ರಸೀದಿಯೂ ಒಂದು: ಕಾರ್ಡ್ ಯಾವ ವಿಳಾಸಕ್ಕೆ ಹೋಯಿತು, ಯಾರು ಸಹಿ ಹಾಕಿ ತೆಗೆದುಕೊಂಡರು.

ವಸೂಲಿಯವರ ಕರೆ ನಡುವೆ ಬರುತ್ತಲೇ ಇತ್ತು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಅವರು ಕರೆಯುವಂತಿಲ್ಲ. ಅಣ್ಣ ವಾದಕ್ಕೆ ಹೋಗದೆ ಎಫ್‌ಐಆರ್ ನಂಬರ್ ಹೇಳಿ, 'ಬರವಣಿಗೆಯಲ್ಲಿ ಕಳಿಸಿ' ಅಂತ ಫೋನ್ ಇಡುತ್ತಿದ್ದ.

ಆಕ್ಷೇಪಕ್ಕೆ ಗಡುವು ಇದೆ. ದೂರು ಕೊಟ್ಟ ದಿನದಿಂದ 30 ದಿನದೊಳಗೆ ಇತ್ಯರ್ಥ ಆಗಬೇಕು, ಅದರಲ್ಲಿ ಕಂಪನಿ ಬ್ಯೂರೋಗೆ ಉತ್ತರಿಸಲು 21 ದಿನ. ತಡವಾದರೆ ದಿನಕ್ಕೆ ₹100 ಪರಿಹಾರ. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಜುಲೈ 6ಕ್ಕೆ ಅಣ್ಣನ ಗಡುವು ಮುಗಿಯಿತು, ಸುದ್ದಿಯಿಲ್ಲ. ಮರುದಿನವೇ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಿದ. ಕಂಪನಿಗೆ ಬರೆದು 30 ದಿನ ಕಾಯದೆ ಅಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ, ಅದಕ್ಕೇ ಮೊದಲ ಇಮೇಲಿನ ತಾರೀಕು ಅಷ್ಟು ಮುಖ್ಯ. ಜುಲೈ 18ರಂದು ಸಾಲ ಅಳಿಸಿದ್ದಾಗಿ ಪತ್ರ ಬಂತು. ತಡವಾದದ್ದು 12 ದಿನ, ಸಿಕ್ಕಿದ್ದು ₹1,200. ವಿಷಯ ತಿಳಿಸುವಾಗ ಮನೆ ಸಾಲ ಸಿಕ್ಕಷ್ಟೇ ಖುಷಿ ಅವನಿಗೆ.

ಆ ಖುಷಿಯಲ್ಲಿ ಮತ್ತೆ ಅರ್ಜಿ ಹಾಕಲು ಹೊರಟಿದ್ದ. ತಡಿ ಅಂತ ಹೇಳಿ ನಾಲ್ಕೂ ಬ್ಯೂರೋದ ವರದಿ ತೆಗೆಸಿದೆ. ಮೂರರಲ್ಲಿ ಸಾಲ ಹೋಗಿತ್ತು, ನಾಲ್ಕನೆಯದರಲ್ಲಿ ಹಾಗೇ ಕೂತಿತ್ತು. ಕಂಪನಿಯ ಪತ್ರ ಲಗತ್ತಿಸಿ ಅಲ್ಲೂ ಆಕ್ಷೇಪ ಹಾಕಿ ಮೂರು ವಾರ ಕಾದೆವು. ಅದೂ ಹೋದ ಮೇಲೆ ಆ ಪತ್ರದ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಫೈಲಿನಲ್ಲಿಟ್ಟು ಇನ್ನೊಂದನ್ನು ಹಿಡಿದು ಅಣ್ಣ ಬ್ಯಾಂಕಿಗೆ ಹೋದ.