ಆಂಗಲ್ ಪಟ್ಟಿ ಪಕ್ಕಕ್ಕೆ ಯಾಕೆ ಸರಿಯುತ್ತದೆ?

ಗೋಡೆಯಲ್ಲಿ ಭದ್ರವಾಗಿ ಹೂತು, 1 ಮೀಟರ್ ಹೊರಗೆ ಚಾಚಿದ 50×50×6 ಮಿ.ಮೀ. ಕಬ್ಬಿಣದ ಆಂಗಲ್ ಇದೆ ಅಂದುಕೊಳ್ಳಿ. ಇಂಗ್ಲಿಷಿನ ಎಲ್ ಅಕ್ಷರದಂತೆ ಒಂದು ಕಾಲು ನೆಟ್ಟಗೆ ನಿಂತಿದೆ, ಇನ್ನೊಂದು ಕೆಳಗೆ ಬಲಕ್ಕೆ ಮಲಗಿದೆ. ತುದಿಯಲ್ಲಿ, ಎರಡೂ ಕಾಲು ಸೇರುವ ಮೂಲೆಯ ನೇರಕ್ಕೆ, ಸುಮಾರು 20 ಕೆಜಿ ತೂಗುಹಾಕಿ. ತುದಿ ಕೆಳಗೆ ಇಳಿಯುತ್ತದೆ, ಸರಿ. ಆದರೆ ಎಡಕ್ಕೂ ಸರಿಯುತ್ತದೆ! ಎಡಕ್ಕೆ ಯಾರೂ ತಳ್ಳಿಲ್ಲ, ಅಲ್ವಾ?

ಪಟ್ಟಿ ಬರೀ ಕೆಳಗೆ ಬಾಗಿದೆ ಅಂತಲೇ ಇಟ್ಟುಕೊಳ್ಳೋಣ. ಆಗ ಮೇಲ್ಭಾಗದಲ್ಲಿ ಎಳೆತ, ಕೆಳಭಾಗದಲ್ಲಿ ಒತ್ತಡ. ಆದರೆ ಮೇಲಿನ ಕಬ್ಬಿಣವೆಲ್ಲ ಎಡಗಡೆ ಇದೆ, ಕೆಳಗಿನದು ಹೆಚ್ಚಾಗಿ ಬಲಗಡೆ. ಎಡಕ್ಕೆ ಎಳೆತ, ಬಲಕ್ಕೆ ಒತ್ತಡ ಬಂದರೆ ಪಟ್ಟಿಯನ್ನು ಅಡ್ಡಕ್ಕೆ ತಿರುಗಿಸುವ ಜೋಡಿ ಬಲ ಹುಟ್ಟುತ್ತದೆ. ಅದನ್ನು ತಡೆಯುವವರು ಯಾರೂ ಇಲ್ಲ. ಹಾಗಾಗಿ ಪಟ್ಟಿಯೇ ಪಕ್ಕಕ್ಕೆ ಬಾಗಿ ಲೆಕ್ಕ ಸರಿದೂಗಿಸುತ್ತದೆ.

ಇಂಥ ಗೊಂದಲ ಇಲ್ಲದ ಎರಡು ದಿಕ್ಕುಗಳು ಯಾವ ಆಕಾರಕ್ಕೂ ಇರುತ್ತವೆ. ಅವೇ ಪ್ರಧಾನ ಅಕ್ಷಗಳು. ಸಮಕಾಲಿನ ಆಂಗಲ್‌ನಲ್ಲಿ ಹುಡುಕಬೇಕಾದ್ದೇ ಇಲ್ಲ. ಅಡ್ಡಕೊಯ್ತದ ತೂಕದ ನಡುವಿನ ಮೂಲಕ 45 ಡಿಗ್ರಿಯಲ್ಲಿ ಹೋಗುವ ಸಮ್ಮಿತಿ ರೇಖೆ ಒಂದು, ಅದಕ್ಕೆ ಲಂಬವಾದದ್ದು ಇನ್ನೊಂದು. ಮೂಲೆಯ ಸಣ್ಣ ದುಂಡುಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಬಾಗುವುದನ್ನು ಆಕಾರ ಎಷ್ಟು ತಡೆಯುತ್ತದೆ ಅನ್ನುವ ಅಳತೆಯಾದ ಜಡತ್ವದ ಮೊಮೆಂಟ್ ಮೊದಲನೆಯದರ ಸುತ್ತ 20.8 ಸೆಂ.ಮೀ.⁴, ಎರಡನೆಯದರ ಸುತ್ತ ಬರೀ 5.4. ಕಾಲುಗಳಿಗೆ ಸಮಾನಾಂತರವಾದ ಅಕ್ಷಗಳ ಸುತ್ತ 13.1.

ಇನ್ನು ಕೆಲಸ ಸುಲಭ. ಭಾರವನ್ನು 45 ಡಿಗ್ರಿಯಲ್ಲಿ ಎರಡು ಸಮಪಾಲು ಮಾಡಿ. ಒಂದು ಪಾಲು ಗಟ್ಟಿ ಅಕ್ಷದ ಸುತ್ತ ಬಾಗಿಸುತ್ತದೆ, ಇನ್ನೊಂದು ಮೆತ್ತಗಿನ ಅಕ್ಷದ ಸುತ್ತ. ಎರಡನ್ನೂ ಬೇರೆಬೇರೆ ಲೆಕ್ಕ ಹಾಕಿ ಕೂಡಿಸಿದರೆ ತುದಿ 3.9 ಮಿ.ಮೀ. ಇಳಿದು, 2.3 ಮಿ.ಮೀ. ಎಡಕ್ಕೆ ಸರಿಯುತ್ತದೆ. ಸುಮ್ನೆ 13.1 ಹಾಕಿದ್ದರೆ ಇಳಿತ 2.5 ಮಿ.ಮೀ. ಅಂತ ಬರುತ್ತಿತ್ತು, ಪಕ್ಕದ ಸರಿತ ಕಾಣುತ್ತಲೇ ಇರಲಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುವುದು ಗೋಡೆಯ ಬಳಿ ಕಬ್ಬಿಣದೊಳಗೆ ಹುಟ್ಟುವ ಎಳೆತ, ಒತ್ತಡಗಳು. 13.1ರ ಸರಳ ಲೆಕ್ಕದ ಪ್ರಕಾರ ಮಲಗಿದ ಕಾಲಿನ ತಳದಲ್ಲಿ ಉದ್ದಕ್ಕೂ ಒಂದೇ ಸಮ, 22 ಮೆಗಾಪಾಸ್ಕಲ್ ಒತ್ತಡ. ನಿಜದಲ್ಲಿ ಮೂಲೆಯಲ್ಲಿ 54 ಒತ್ತಡ, ಅದೇ ಕಾಲಿನ ತುದಿಯಲ್ಲಿ 14 ಎಳೆತ! ನಿಂತ ಕಾಲಿನ ತಲೆಯಲ್ಲಿ, ಒಳ ಅಂಚಿನಲ್ಲಿ, ಎಳೆತ ಸರಳ ಲೆಕ್ಕ ಹೇಳುವ 54 ಅಲ್ಲ, 70. ಮೆದು ಉಕ್ಕಿಗೆ ಇದು ದೊಡ್ಡದಲ್ಲ, ನಿಜ. ಆದರೆ ಭಾರ ಮೂರು ಪಟ್ಟಾದರೆ ಸರಳ ಲೆಕ್ಕ 161 ಅನ್ನುತ್ತದೆ, ಪಟ್ಟಿ 211 ಅನುಭವಿಸುತ್ತದೆ.

ಒಂದು ಮಾತು: ತೂಕವನ್ನು ಮೂಲೆ ಬಿಟ್ಟು ಮಲಗಿದ ಕಾಲಿನ ತುದಿಗೆ ಹಾಕಿದರೆ ಪಟ್ಟಿ ತಿರುಚಿಕೊಳ್ಳುತ್ತದೆ ಕೂಡ. ಅದು ಬೇರೆ ಲೆಕ್ಕ. ತುದಿಯ ಎಲ್ ಆಕಾರ ಓರೆಯಾಗಿದ್ದರೆ ತಿರುಚು ಇದೆ, ಓರೆಯಾಗದೆ ಬರೀ ಜರುಗಿದ್ದರೆ ಇಲ್ಲಿ ಹೇಳಿದ ಬಾಗು.

ಪಕ್ಕಕ್ಕೆ ಸರಿಯದಂತೆ ತುದಿಯನ್ನು ಹಿಡಿದಿಟ್ಟರೆ 13.1ರ ಸರಳ ಲೆಕ್ಕವೇ ಸರಿಹೋಗುತ್ತದೆ. ಆದರೆ ಹಿಡಿದಿಟ್ಟ ಬೋಲ್ಟ್ ಅಡ್ಡಕ್ಕೆ ಭಾರದ ಶೇ. 59ರಷ್ಟು, ಅಂದರೆ 20ಕ್ಕೆ ಸುಮಾರು 12 ಕೆಜಿ, ತಡೆದುಕೊಳ್ಳಬೇಕು.